ಬೋಲೋ ಎಂದು ಬರೆದ ಮೇಲೆ

ಅತ್ತೆಯ ಉಸಿರಾಟಕ್ಕೆ ತಂದಿದ್ದ ಆಮ್ಲಜನಕದ ಯಂತ್ರ ಬಾಡಿಗೆಯದು. ಅವಧಿ ಆ ದಿನವೇ ಮುಗಿಯುತ್ತಿತ್ತು. ಮುಂದಿನ ತಿಂಗಳಿಂದ ಬಾಡಿಗೆ ಸ್ವಲ್ಪ ಇಳಿಸಲೆಂದು ಸೊಸೆ ತನಗೆ ಬಂದಷ್ಟು ಹಿಂದಿಯಲ್ಲಿ ಅಂಗಡಿಯವನಿಗೆ, “ಸಹೀ ದಾಮ್ ಬೋಲೋ”, ಅಂದರೆ ಸರಿಯಾದ ಬೆಲೆ ಹೇಳು, ಎಂದು ಮೆಸೇಜ್ ಕಳಿಸಿದಳು. ಅವನು ಓದಿದ, ಉತ್ತರಿಸಲಿಲ್ಲ. ಅರ್ಧ ಗಂಟೆಯಾಯಿತು.

ಹಿಂದಿ ಬಲ್ಲ ಅತ್ತೆಗೆ ತೋರಿಸಿದಳು.

“ಅಯ್ಯೋ, ಅವನು ಹೇಳಿದ್ದು ಮೋಸದ ರೇಟು ಅಂದ ಹಾಗಾಯ್ತಲ್ಲೇ! ಅದರ ಮೇಲೆ ‘ಬೋಲೋ’ ಬೇರೆ. ಮರ್ಯಾದೆಯಾಗಿ ‘ಬತಾಯಿಯೇ’ ಅನ್ಬೇಕಿತ್ತು,” ಎಂದು ಅತ್ತೆ ಏದುಸಿರು ಬಿಟ್ಟರು.

“ಸಿಟ್ಟಾಗಿ ಮಿಷನ್ ತಗೊಂಡು ಹೋದ್ರೆ?”

“ಬರಿ, ಹೇಳ್ತೀನಿ.”

ಸೊಸೆ ಬರೆದಳು: “ಮಾಫ್ ಕೀಜಿಯೇ ಭೈಯಾ, ಮೇರೀ ಹಿಂದೀ ಕಚ್ಚೀ ಹೈ. ಮಶೀನ್ ಬಹುತ್ ಅಚ್ಛೀ ಹೈ. ತೀನ್ ಮಹೀನೇ ರಖೇಂ ತೋ ಕುಛ್ ಕಮ್ ಹೋ ಪಾಯೇಗಾ?” ಕ್ಷಮೆ ಕೇಳಿ, ಮೂರು ತಿಂಗಳು ಇಟ್ಟುಕೊಂಡರೆ ಬಾಡಿಗೆ ಸ್ವಲ್ಪ ಕಡಿಮೆಯಾದೀತೇ ಎಂದ ಆ ಸಾಲುಗಳ ಕೆಳಗೆ ತಾನೇ ಕನ್ನಡದಲ್ಲಿ ಸೇರಿಸಿದಳು: “ಆಗದಿದ್ರೆ ಬೇಜಾರಿಲ್ಲ ಅಣ್ಣ, ನೀವು ಹೇಳಿದಷ್ಟೇ ಕೊಡ್ತೀವಿ.”

ಆ ಮೆಸೇಜನ್ನು ಅವನು ಓದುವ ಮೊದಲೇ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಅವನೇ ನಿಂತಿದ್ದ, ಕೈಯಲ್ಲಿ ಚೀಲ. ಅವಳು ಬಾಗಿಲಿಗೆ ಅಡ್ಡ ನಿಂತುಬಿಟ್ಟಳು.

“ದಯವಿಟ್ಟು ತಗೊಂಡು ಹೋಗಬೇಡಿ ಅಣ್ಣ. ಮೆಸೇಜ್ ನೋಡಿ.”

ಅವನು ಅಲ್ಲೇ ನಿಂತು ಫೋನು ತೆಗೆದು ಓದಿದ. ಒಳಗೆ ಯಂತ್ರ ಗುರುಗುಟ್ಟುತ್ತಿತ್ತು.

“ಮೊದಲನೇದು ಓದಿ ಬೇಜಾರಾಗಿತ್ತು ಅಕ್ಕ,” ಎಂದ ಅವನು, ತಡವರಿಸುವ ಕನ್ನಡದಲ್ಲಿ. “ಮೂರು ತಿಂಗಳಾದ್ರೆ ತಿಂಗಳಿಗೆ ಇನ್ನೂರು ಬಿಡ್ತೀನಿ. ನಾನು ಬಂದಿದ್ದು ಫಿಲ್ಟರ್ ಬದಲಾಯಿಸೋಕೆ.”

ಅವಳು ದಾರಿ ಬಿಟ್ಟಳು. ಅವನು ಕೆಲಸ ಮುಗಿಸುವವರೆಗೂ ಅತ್ತೆಯ ಕೈ ಹಿಡಿದೇ ಕೂತಿದ್ದಳು.