ಕೆಂಪು ಗೀಟಿನ ಸೆಲ್

ಆ ಹುಡುಗಿಯನ್ನು ಮನೆಯಲ್ಲೂ ಶಾಲೆಯಲ್ಲೂ ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಒಂಬತ್ತನೇ ತರಗತಿ. ನೋಡಲು ಸಣಕಲು, ಮಾತಿಗೆ ನಿಂತರೆ ಮಾತ್ರ ವಿಜ್ಞಾನದ ಮೇಷ್ಟ್ರಿಗೂ ಸುಸ್ತು. ಹಾಗಾಗಿಯೇ ವಿಜ್ಞಾನ ದಿನದ ಭಾಷಣ ಅವಳ ಪಾಲಿಗೆ ಬಂದಿತ್ತು. ವಿಷಯ, ಮತ್ತೆ ಮತ್ತೆ ಚಾರ್ಜ್ ಮಾಡುವ ಬ್ಯಾಟರಿ.

ಅವಳ ಅಮ್ಮ ಎಲೆಕ್ಟ್ರಿಕ್ ಸ್ಕೂಟರ್‌ಗಳ ಬ್ಯಾಟರಿ ರಿಪೇರಿ ಮಾಡುವವಳು. ಹಳೆಯ ಪ್ಯಾಕ್ ಬಿಚ್ಚಿ, ಬೆರಳುಗಾತ್ರದ ಒಂದೊಂದು ಸೆಲ್ಲನ್ನೂ ಮೀಟರಿಗೆ ಹಿಡಿದು ನೋಡುತ್ತಿದ್ದಳು. ಪೂರ್ತಿ ಬರಿದಾಗಿ ತಿಂಗಳುಗಟ್ಟಲೆ ಬಿದ್ದಿದ್ದವಕ್ಕೆ ಕೆಂಪು ಮಾರ್ಕರಿನಲ್ಲಿ ಒಂದು ಗೀಟು ಎಳೆದು ತಗಡಿನ ಡಬ್ಬಕ್ಕೆ ಹಾಕುತ್ತಿದ್ದಳು. ಗೀಟು ಬಿದ್ದ ಸೆಲ್ ಮತ್ತೆ ಯಾವ ಗಾಡಿಗೂ ಹೋಗುತ್ತಿರಲಿಲ್ಲ.

ಕಡ್ಡಿಯ ಗೆಳತಿ ಜುಟ್ಟು ಒಂದು ಪುಟ್ಟ ಮೋಟಾರು ಬಂಡಿ ಮಾಡಿದ್ದಳು. ಭಾಷಣ ಮುಗಿದ ಕೂಡಲೇ ಅದು ವೇದಿಕೆಯ ಮೇಲೆ ಓಡಬೇಕಿತ್ತು. ನಾಲ್ಕು ಸೆಲ್ ಬೇಕು, ಸಿಕ್ಕಿದ್ದು ಮೂರು. ನಾಲ್ಕನೆಯದನ್ನು ಕಡ್ಡಿ ತಂದುಕೊಟ್ಟಳು, ಅದೇ ಡಬ್ಬದಿಂದ. ಅಮ್ಮ ಊಟಕ್ಕೆ ಎದ್ದಾಗ ಅದನ್ನು ಚಾರ್ಜಿಗೆ ಹಾಕಿ ನೋಡಿದ್ದಳು. ಸೊನ್ನೆಯ ಹತ್ತಿರವಿದ್ದ ಮೀಟರು ನಿಧಾನಕ್ಕೆ ನಾಲ್ಕು ವೋಲ್ಟಿಗೆ ಏರಿತು. ‘ಚೆನ್ನಾಗೇ ಇದೆಯಲ್ಲ, ಅಮ್ಮಂದು ಅತಿ ಜಾಗ್ರತೆ’ ಅಂದುಕೊಂಡು ಸ್ಪಿರಿಟ್ ಹಾಕಿ ಗೀಟು ಒರೆಸಿಬಿಟ್ಟಳು.

ವಿಜ್ಞಾನ ದಿನ ಬೆಳಿಗ್ಗೆ ಸಭಾಂಗಣದಲ್ಲಿ ಇನ್ನೂರು ಮಕ್ಕಳು ನೆಲದ ಮೇಲೆ ಸಾಲಾಗಿ ಕುಳಿತಿದ್ದರು. ಒಳಗೆ ಬರಲು ಹೋಗಲು ಹಿಂದಿನ ಬಾಗಿಲೊಂದೇ. ಅದರಲ್ಲೂ ಒಂದು ರೆಕ್ಕೆಗೆ ಚಿಲಕ ಹಾಕಿತ್ತು. ಅಮ್ಮ ವರ್ಕ್‌ಶಾಪಿನ ಬಟ್ಟೆಯಲ್ಲೇ ಬಂದು ಆ ಬಾಗಿಲಿನ ಪಕ್ಕ ಗೋಡೆಗೆ ಒರಗಿ ನಿಂತಳು.

ಕಡ್ಡಿ ಮೈಕಿನ ಮುಂದೆ ನಿಂತು ಶುರುಮಾಡಿದಳು.

“ಬ್ಯಾಟರಿ ಒಳಗೆ ಕರೆಂಟನ್ನ ನೀರಿನ ಹಾಗೆ ತುಂಬಿಸಿಟ್ಟಿರ್ತಾರೆ ಅಂತ ನಾವೆಲ್ಲ ಅಂದ್ಕೊಂಡಿದೀವಿ. ಹಾಗಲ್ಲ. ಒಳಗೆ ಎರಡು ಮನೆ ಇವೆ, ನಡುವೆ ಒಂದು ತೆಳು ಪರದೆ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಒಂದು ಮನೆ ಬಿಟ್ಟು, ಒಳಗಿನ ದ್ರವದಲ್ಲಿ ಸಾಗಿ, ಪರದೆ ದಾಟಿ, ಇನ್ನೊಂದು ಮನೆಯ ಗ್ರಾಫೈಟ್ ಪದರಗಳ ನಡುವೆ ಹೋಗಿ ಕೂರ್ತವೆ. ಎಲೆಕ್ಟ್ರಾನುಗಳಿಗೆ ಆ ದಾರಿ ಇಲ್ಲ. ಅವನ್ನ ಚಾರ್ಜರು ಹೊರಗಿನ ತಂತಿಯಲ್ಲಿ ದೂಡಬೇಕು. ಆ ದೂಡೋ ಶ್ರಮವೇ ಒಳಗೆ ಶಕ್ತಿಯಾಗಿ ಉಳಿಯುತ್ತೆ.”

ಹಿಂದೆ ಅಮ್ಮ ತಲೆಯಾಡಿಸಿದಳು. ಕಡ್ಡಿಗೆ ಧೈರ್ಯ ಬಂತು.

“ಮೋಟಾರು ಜೋಡಿಸಿದ ತಕ್ಷಣ ಅಯಾನುಗಳು ಹಳೇ ಮನೆಗೆ ವಾಪಸ್ ಹೊರಡ್ತವೆ. ಎಲೆಕ್ಟ್ರಾನುಗಳು ತಂತಿಯಲ್ಲಿ ಮೋಟಾರಿನ ಮೂಲಕ ಹೋಗ್ತವೆ. ಹೋಗ್ತಾ ಹೋಗ್ತಾ ಚಕ್ರ ತಿರುಗಿಸ್ತವೆ.”

ಆಗಲೇ ಅವಳ ಮೂಗಿಗೆ ಒಂದು ವಾಸನೆ ಬಡಿಯಿತು. ಸಿಹಿಸಿಹಿ, ಉಗುರುಬಣ್ಣ ಅಳಿಸುವ ದ್ರಾವಣದಂಥದ್ದು. ವರ್ಕ್‌ಶಾಪಿನಲ್ಲಿ ಒಮ್ಮೆ ಈ ವಾಸನೆ ಬಂದಾಗ ಅಮ್ಮ ಅವಳನ್ನು ರಟ್ಟೆ ಹಿಡಿದು ರಸ್ತೆಗೆ ಎಳೆದೊಯ್ದಿದ್ದಳು.

ಕಡ್ಡಿ ಪಕ್ಕಕ್ಕೆ ನೋಡಿದಳು. ವೇದಿಕೆಯ ಮೂಲೆಯ ಮೇಜಿನ ಮೇಲೆ ಜುಟ್ಟುವಿನ ಬಂಡಿ ನಿಂತಿತ್ತು. ಕೊನೆ ಗಳಿಗೆಯಲ್ಲಿ ಕೈಕೊಡದಿರಲಿ ಎಂದು ಅದನ್ನು ಚಾರ್ಜಿಗೆ ಹಾಕಿದ್ದರು. ಸೆಲ್ಲುಗಳಿಗೆ ಸುತ್ತಿದ್ದ ಟೇಪು ಒಂದು ಬದಿಯಲ್ಲಿ ಸುಕ್ಕುಗಟ್ಟುತ್ತಿತ್ತು. ಸಣ್ಣಗೆ ‘ಸ್‌ಸ್’ ಎನ್ನುವ ಸದ್ದು.

ಅವಳ ಭಾಷಣ ಅಲ್ಲೇ ನಿಂತಿತು. ಮಾತು ಮರೆತಳೆಂದು ತಿಳಿದು ಮೇಷ್ಟ್ರು ಕೆಳಗಿನಿಂದ, “ಮುಂದೆ, ಮುಂದೆ” ಎಂದು ಸನ್ನೆ ಮಾಡಿದರು.

ಬೆಂಕಿ ಎಂದು ಕೂಗಿದರೆ ಇನ್ನೂರು ಮಕ್ಕಳು ಒಂದೇ ಬಾಗಿಲಿಗೆ ನುಗ್ಗುತ್ತಾರೆ. ಮುಂದಿನ ಸಾಲಿನಲ್ಲಿದ್ದದ್ದು ಒಂದನೇ ತರಗತಿಯ ಪುಟಾಣಿಗಳು.

“ಸರ್, ಚಾರ್ಜರ್ ಪ್ಲಗ್ ತೆಗೀರಿ,” ಎಂದಳು ಮೈಕಿನಲ್ಲೇ. ಭಾಷಣದ ದನಿಯಲ್ಲೇ ಮುಂದುವರಿಸಿದಳು. “ಈಗ ನಾವೆಲ್ಲ ಒಂದು ಆಟ ಆಡೋಣ. ಈ ಹಾಲ್ ಗ್ರಾಫೈಟು. ನೀವು ಸಾಲಾಗಿ ಕೂತಿರೋ ಅಯಾನುಗಳು. ಮೈದಾನ ನಿಮ್ಮ ಹಳೇ ಮನೆ. ಹಿಂದಿನ ಸಾಲು ಮೊದಲು ಏಳಲಿ. ಯಾರೂ ಓಡಬಾರ್ದು. ಎಲ್ಲಾ ಒಟ್ಟಿಗೆ ನುಗ್ಗಿದ್ರೆ ಬ್ಯಾಟರಿ ಬಿಸಿಯಾಗುತ್ತೆ, ಆಟದಲ್ಲಿ ಸೋತ ಹಾಗೆ. ಅಮ್ಮ, ಬಾಗಿಲು ಎರಡೂ ಕಡೆ ತೆಗಿ.”

ಮಗಳ ಕಣ್ಣು ಯಾವ ಮೂಲೆಗೆ ಹೋಗಿ ಹೋಗಿ ಬರುತ್ತಿದೆ ಎಂದು ಅಮ್ಮನಿಗೆ ಕಂಡಿತ್ತು. ಅವಳು ಚಿಲಕ ಎಳೆದು ಎರಡೂ ರೆಕ್ಕೆ ತೆರೆದಳು. ಹೊರಗಿದ್ದ ಅಟೆಂಡರಿಗೆ, “ಮೇನ್ ಸ್ವಿಚ್ ಆರಿಸಿ, ಗಿಡಕ್ಕೆ ನೀರು ಬಿಡೋ ಪೈಪ್ ಎಳ್ಕೊಂಡು ಬನ್ನಿ” ಎಂದಳು.

ಹಿಂದಿನ ಸಾಲು ನಗುತ್ತ ಎದ್ದಿತು. ನಂತರ ಅದರ ಮುಂದಿನದು. ಮೇಷ್ಟ್ರು ಪ್ಲಗ್ ಕಿತ್ತು, ಸದ್ದು ಕೇಳಿಸಿಕೊಂಡು, ಬಂಡಿಯತ್ತ ಕೈ ಚಾಚಿದರು.

“ಮುಟ್ಬೇಡಿ ಸರ್. ಪ್ಲಗ್ ತೆಗೆದ್ರೂ ಶಕ್ತಿ ಒಳಗೇ ಇದೆ. ಪುಟಾಣಿಗಳನ್ನ ಕರ್ಕೊಂಡು ಹೋಗಿ.”

ಅಷ್ಟರಲ್ಲಿ ಮೇನ್ ಸ್ವಿಚ್ ಆರಿ ಮೈಕು ಸತ್ತಿತು. ಕಡ್ಡಿ ಬರಿಗಂಟಲಲ್ಲೇ ಸಾಲುಗಳನ್ನು ಕರೆದಳು. ಐದನೇ ಸಾಲು, ನಾಲ್ಕು, ಮೂರು. ಬಿಳಿ ಹೊಗೆ ಮೇಜಿನಿಂದ ಕೆಳಗಿಳಿಯತೊಡಗಿತು. ಒಬ್ಬ ಪುಟ್ಟ ಹುಡುಗಿ ಕಳಚಿದ ಚಪ್ಪಲಿಗೆಂದು ಹಿಂದಿರುಗಿದಾಗ ಮೇಷ್ಟ್ರು ಅವಳನ್ನು ಹಾಗೇ ಎತ್ತಿ ಕಂಕುಳಿಗೇರಿಸಿಕೊಂಡರು. ಕೊನೆಯ ಮಗು ಹೊಸ್ತಿಲು ದಾಟಿದ ಮೇಲೆಯೇ ಕಡ್ಡಿ ವೇದಿಕೆಯಿಂದ ಜಿಗಿದು ಓಡಿದ್ದು.

ಅವಳು ಬಾಗಿಲು ತಲುಪುವಷ್ಟರಲ್ಲಿ ಬೆನ್ನ ಹಿಂದೆ ಪಟಾರ್ ಎಂದಿತು. ಮೊಳದುದ್ದದ ಜ್ವಾಲೆ ಮೇಜಿನಿಂದ ಚಿಮ್ಮಿ ವೇದಿಕೆಯ ಬಟ್ಟೆ ಪರದೆಗೆ ಹತ್ತಿತು. ಒಂದರ ಕಾವಿಗೆ ಪಕ್ಕದ ಸೆಲ್ಲೂ ಸಿಡಿಯಿತು. ಅಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಿಂದಿನ ಬಾಗಿಲಲ್ಲೇ ನಿಂತು, ದೂರದಿಂದಲೇ ಪೈಪು ಹಿಡಿದಳು. “ಯಾರೂ ಒಳಗೆ ಬರಬೇಡಿ, ಈ ಹೊಗೆ ವಿಷ,” ಎಂದಳು. ಪರದೆ ಆರಿದ ಮೇಲೂ ಸೆಲ್ಲುಗಳು ತಣ್ಣಗಾಗಲೆಂದು ನೀರು ಬಿಡುತ್ತಲೇ ಇದ್ದಳು. ಅಗ್ನಿಶಾಮಕದವರು ಬಂದ ಮೇಲೆಯೇ ಪೈಪು ಕೆಳಗಿಟ್ಟಳು.

ಮೈದಾನದಲ್ಲಿ ಎರಡು ಸಲ ಎಣಿಸಿದರು. ಎಲ್ಲ ಮಕ್ಕಳೂ ಇದ್ದರು.

ಮುಖ್ಯೋಪಾಧ್ಯಾಯಿನಿ ಜುಟ್ಟುವನ್ನು ಕರೆದರು. “ಏನು ಜೋಡಿಸಿದ್ದೆ ನೀನು?”

“ಸರಿಯಾಗೇ ಬೆಸುಗೆ ಹಾಕಿದ್ದೆ ಮೇಡಂ. ಎಲ್ಲೋ ತಂತಿ ತಾಗಿರ್ಬೇಕು,” ಎಂದು ಜುಟ್ಟು ಅಳತೊಡಗಿದಳು.

ಅಕ್ಕಪಕ್ಕದವರು ಕಡ್ಡಿಯ ಬೆನ್ನು ತಟ್ಟುತ್ತಿದ್ದರು. ಸೆಲ್ಲುಗಳು ಸುಟ್ಟು ಕರಕಲಾಗಿದ್ದವು, ಯಾವುದು ಎಲ್ಲಿಂದ ಬಂತೆಂದು ಇನ್ನು ಯಾರೂ ಹೇಳಲಾರರು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಜುಟ್ಟು ಬಿಕ್ಕುತ್ತಲೇ ಇದ್ದಳು.

“ಮೇಡಂ, ಅವಳದ್ದಲ್ಲ ತಪ್ಪು,” ಎಂದಳು ಕಡ್ಡಿ. “ಒಂದು ಸೆಲ್ ನಾನು ಕೊಟ್ಟಿದ್ದು. ಅಮ್ಮ ಅದಕ್ಕೆ ಕೆಂಪು ಗೀಟು ಹಾಕಿದ್ರು. ನಾನು ಒರೆಸಿದೆ.”

ಎಲ್ಲರೂ ಅಮ್ಮನತ್ತ ತಿರುಗಿದರು. ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತಿದ್ದವಳು ಹಾಗೇ ನಿಂತಳು.

“ಯಾಕೆ ಒರೆಸಿದೆ?”

“ನಾಲ್ಕು ವೋಲ್ಟ್ ತೋರಿಸ್ತಮ್ಮ. ಸರಿ ಹೋಯ್ತು ಅಂದ್ಕೊಂಡೆ.”

“ಪೂರ್ತಿ ಬರಿದಾದ ಸೆಲ್ಲಲ್ಲಿ ಒಳಗಿನ ತಾಮ್ರ ಕರಗಿರುತ್ತೆ,” ಎಂದಳು ಅಮ್ಮ, ದನಿ ಏರಿಸದೆ. “ಮತ್ತೆ ಚಾರ್ಜ್ ಮಾಡಿದ್ರೆ ಅದು ಎಲ್ಲೆಲ್ಲೋ ಮುಳ್ಳಿನ ಹಾಗೆ ಬೆಳೆಯುತ್ತೆ. ಆ ಪರದೆ ಚುಚ್ಚಿದ್ರೆ ಎಲೆಕ್ಟ್ರಾನಿಗೆ ಒಳಗೇ ಅಡ್ಡದಾರಿ ಸಿಗುತ್ತೆ. ಇರೋ ಶಕ್ತಿಯೆಲ್ಲ ಒಂದೇ ಸಲ ಕಾವಾಗುತ್ತೆ. ಮೀಟರಿಗೆ ಅದು ಕಾಣಲ್ಲ. ಗೀಟು ಯಾಕೆ ಅಂತ ನನ್ನ ಒಂದು ಮಾತು ಕೇಳ್ಬಹುದಿತ್ತು.”

“ಕೇಳಿದ್ರೆ ಕೊಡ್ತಿರ್ಲಿಲ್ಲ ನೀನು.”

“ಇಲ್ಲ, ಕೊಡ್ತಿರ್ಲಿಲ್ಲ.”

ಕಡ್ಡಿ ಹುಲ್ಲಿನ ಮೇಲೆ ಕುಳಿತಳು. ಅಮ್ಮ ಬಂದು ಪಕ್ಕದಲ್ಲಿ ಕುಳಿತಳು. ಬೈಯಲೂ ಇಲ್ಲ, ಹತ್ತಿರಕ್ಕೆ ಎಳೆದುಕೊಳ್ಳಲೂ ಇಲ್ಲ. ಮುಖ್ಯೋಪಾಧ್ಯಾಯಿನಿಯ ಕಡೆ ತಿರುಗಿ, “ಡಬ್ಬಕ್ಕೆ ಬೀಗ ಹಾಕದೆ ಬಿಟ್ಟಿದ್ದು ನಾನು, ಅದನ್ನೂ ವರದಿಯಲ್ಲಿ ಬರೆದುಕೊಳ್ಳಿ ಮೇಡಂ,” ಎಂದಳು.

ಮರುವಾರ ಬೆಳಗಿನ ಪ್ರಾರ್ಥನೆಯ ನಂತರ ಕಡ್ಡಿ ಅಂಗಳದಲ್ಲಿ ಭಾಷಣ ಪೂರ್ತಿ ಮಾಡಿದಳು. ತಾನು ಮಾಡಿದ್ದನ್ನು ಒಂದಕ್ಷರ ಬಿಡದೆ ಅದರಲ್ಲಿ ಸೇರಿಸಿದ್ದಳು. ಅದನ್ನು ಹೇಳುವಾಗ ಎರಡು ಸಲ ತಡವರಿಸಿದಳು, ಯಾರೂ ನಗಲಿಲ್ಲ. ಕೆಳಗಿಳಿದಾಗ ಜುಟ್ಟು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು, ಮಾತಾಡಲಿಲ್ಲ. ಅವಳು ಮಾತಾಡಲು ಇನ್ನೂ ಮೂರು ದಿನ ಹಿಡಿಯಿತು.