ಬಾಣ ನಿಲ್ಲುವಷ್ಟು ಹೊತ್ತು

ನಾನು ಸುಮಂಗಲಾ, ಶಹಾಪುರದಲ್ಲಿ ಕಂಪ್ಯೂಟರ್ ಕಲಿಸುವವಳು. ದಲಾಲಿ ಅಂಗಡಿಗಳಿಗೆ ಬಿಲ್ ಮಾಡುವ ಸಾಫ್ಟ್‌ವೇರ್ ಮಾರುವ ಕಂಪನಿಯೊಂದಕ್ಕೆ ಕನ್ನಡದಲ್ಲಿ ಪಾಠದ ವಿಡಿಯೋ ಮಾಡಿಕೊಟ್ಟಿದ್ದೆ. ಪರದೆ ರೆಕಾರ್ಡ್ ಮಾಡಿದ್ದೂ ನಾನೇ, ಮಾತಾಡಿದ್ದೂ ನಾನೇ. ಮೌಸಿನ ಬಾಣವನ್ನು ಸುಮ್ಮನೆ ಸುತ್ತಾಡಿಸಿದವಳಲ್ಲ. ಒತ್ತಬೇಕಾದ ಗುಂಡಿಯ ಹತ್ತಿರ ಒಯ್ದು ನಿಲ್ಲಿಸಿ, ಆ ಭಾಗವನ್ನು ಮೆಲ್ಲಗೆ ದೊಡ್ಡದು ಮಾಡಿ, ನೋಡುವವರ ಕಣ್ಣು ಅಲ್ಲಿಗೆ ಬರುವತನಕ ಬಾಯಿ ಮುಚ್ಚಿಕೊಂಡಿದ್ದು, ಆಮೇಲೆ ಒತ್ತುತ್ತಿದ್ದೆ.

ಈ ವಿಡಿಯೋಗಳನ್ನು ಈಶಪ್ಪ ಕಾಕಾನಷ್ಟು ನಂಬಿಕೊಂಡವರು ಇನ್ನೊಬ್ಬರಿರಲಿಲ್ಲ. ಸಂಗಮನಾಥ ಸಾಹುಕಾರರ ಹತ್ತಿ ಅಂಗಡಿಯ ಗುಮಾಸ್ತರು ಅವರು. ತಲೆ ನರೆಯುವತನಕ ಅಲ್ಲೇ ಲೆಕ್ಕ ಬರೆದವರು. ದೀಪಾವಳಿ ಪಾಡ್ಯದಿಂದ ಹೊಸ ಲೆಕ್ಕವೆಲ್ಲ ಕಂಪ್ಯೂಟರಿನಲ್ಲೇ, ಬಾರದಿದ್ದರೆ ಗುಮಾಸ್ತರ ಗಾದಿ ಬಿಡಬೇಕು ಎಂದು ಸಾಹುಕಾರರು ಹೇಳಿಬಿಟ್ಟಿದ್ದರು.

ದಸರೆ ಮುಗಿಯುತ್ತಿದ್ದಂತೆ ಕಾಕಾ ಮೊಬೈಲ್ ಹಿಡಿದು ಬಂದರು. “ಅಕ್ಕೋರ, ಇದಕ್ಕೇನಾತ್ರಿ? ಬಾಣ ಇಲ್ಲಿ ಇರ್ತದ, ಕಣ್ಣು ಮುಚ್ಚಿ ತೆಗಿಯೂದ್ರಾಗ ಅಲ್ಲಿರ್ತದ. ಹೆಂಗ ಹೋತು ಗೊತ್ತಾಗವಲ್ದು.”

ನೋಡಿ ಮೈ ಉರಿಯಿತು. ಜನ ಅರ್ಧಕ್ಕೇ ಬಿಟ್ಟು ಹೋಗುತ್ತಾರೆಂದು ಕಂಪನಿಯವರು ಹಳೆಯದನ್ನು ಅಳಿಸಿ, ಮಾತಿಲ್ಲದ ಜಾಗವನ್ನೆಲ್ಲ ತಾನಾಗಿ ಕತ್ತರಿಸುವ ಸಾಧನಕ್ಕೆ ಹಾಕಿ, ಹೊಸದಾಗಿ ಏರಿಸಿದ್ದರು. ನಾನು ಸುಮ್ಮನಿದ್ದಾಗಲೇ ಅಲ್ಲವೇ ಬಾಣ ನಡೆಯುತ್ತಿದ್ದದ್ದು, ಪರದೆ ದೊಡ್ಡದಾಗುತ್ತಿದ್ದದ್ದು! ಈಗ ಯಾವ ಮೂಲೆಯದೆಂದೇ ತಿಳಿಯದ ಗುಂಡಿ ಥಟ್ಟನೆ ಪರದೆ ತುಂಬುತ್ತಿತ್ತು. ವೇಗ ಅರ್ಧಕ್ಕೆ ಇಳಿಸಿಕೊಟ್ಟೆ. ನನ್ನ ದನಿ ಎಳೆದಾಡಿತೇ ಹೊರತು ಕತ್ತರಿಸಿದ್ದು ಮರಳಿ ಬರಲಿಲ್ಲ. ಮೂಲ ರೆಕಾರ್ಡಿಂಗ್ ಅವರ ಹತ್ತಿರವೇ ಇತ್ತು. ಫೋನ್ ಮಾಡಿದರೆ, “ಈಗ ಚುರುಕಾಗಿದೆಯಲ್ಲ ಮೇಡಂ,” ಎಂದ ಕಂಪನಿಯ ಪುಣ್ಯಾತ್ಮ.

ಕೂತು ಕಲಿಸೋಣವೆಂದರೆ ಸಾಹುಕಾರರ ಅಂಗಡಿಗೆ ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ, ನನಗೆ ಕೊಟ್ಟಿದ್ದ ಸಾಫ್ಟ್‌ವೇರಿನ ಅವಧಿಯೂ ಮುಗಿದಿತ್ತು. ಮೈನುದ್ದೀನರ ಕಾಳಿನ ಅಂಗಡಿಯಲ್ಲಿ ಅದೇ ಸಾಫ್ಟ್‌ವೇರ್ ಇತ್ತು. ಅವರ ಕೈಕಾಲು ಹಿಡಿದು, ಕಂಪ್ಯೂಟರ್ ಬಿಡುವಾದಾಗಲೆಲ್ಲ ಕೂತು, ಖರೀದಿ ಬಿಲ್ಲಿನ ಪಾಠ ಹೊಸದಾಗಿ ಮಾಡಿದೆ.

ಪಾಡ್ಯದ ಬೆಳಿಗ್ಗೆ ಅದನ್ನು ಹಿಡಿದು ಸಾಹುಕಾರರ ಅಂಗಡಿಗೆ ಹೋದೆ. ಅಂಗಡಿ ಪೂಜೆ ಆಗಿತ್ತು. ಕಂಪ್ಯೂಟರಿನ ಮುಂದೆ ಡಿಗ್ರಿ ಓದಿದ ಹುಡುಗಿ ಕೂತಿದ್ದಳು. ಹಿಂದಿನ ದಿನ ಸಾಹುಕಾರರು ಕಾಕಾನಿಂದ ಬಿಲ್ ಮಾಡಿಸಿ ನೋಡಿದರಂತೆ. ತೂಕ ತುಂಬಿದ ಮೇಲೆ ಎಲ್ಲಿ ಒತ್ತಬೇಕೆಂದು ತಿಳಿಯದೆ ಕಾಕಾ ರೈತರೆದುರು ಬೆವತುಹೋದರಂತೆ. ಈಗ ಹೊರಗೆ ಹತ್ತಿ ಚೀಲಗಳ ಪಕ್ಕ ಕೂತಿದ್ದರು.

ಮೊಬೈಲ್ ಕೊಟ್ಟೆ. ಬಾಣ ನಿಂತಲ್ಲೆಲ್ಲ ತೊಡೆಯ ಮೇಲೆ ಅವರ ಬೆರಳೂ ನಿಂತಿತು. ಮುಗಿದಾಗ ಮುಖ ಅರಳಿತು. “ಬಂತ್ರಿ ಅಕ್ಕೋರ, ಎಲ್ಲಾ ಬಂತು! ಸಾಹುಕಾರ್ರಿಗೆ ಹೇಳ್ರಿ, ಇನ್ನೊಮ್ಮಿ ಮಾಡಿಸಿ ನೋಡ್ರಿ ಅಂತ.”

ಒಳಗೆ ಹೋಗಿ ಹೇಳಿದೆ. ಸಾಹುಕಾರರು ನನ್ನ ಮುಖ ನೋಡಲಿಲ್ಲ. “ಆಕಿಗೆ ಮಾತು ಕೊಟ್ಟೀನ್ರಿ,” ಎಂದರು.

ತಿರುಗಿದರೆ, ಕಾಕಾ ಚಪ್ಪಲಿ ಬಿಟ್ಟು, ಅಂಗಿಗೆ ಹತ್ತಿದ ಅರಳೆ ಕೊಡವಿಕೊಂಡು, ಒಳಗೆ ಕರೆಯುವುದನ್ನೇ ಕಾಯುತ್ತ ಬಾಗಿಲಲ್ಲಿ ನಿಂತಿದ್ದರು.