ಎಪ್ಪತ್ತೆರಡರ ಸಾಲು

ತೂಕ-ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರಾಗಿದ್ದವನು ನಾನು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ನೋಡುವುದು, ತೂಕದ ಕಲ್ಲಿಗೆ ಮುದ್ರೆ ಒತ್ತುವುದು, ಐದು ಗ್ರಾಂ ಕಡಿಮೆ ಬಂದರೂ ಕಲ್ಲನ್ನು ಕಿತ್ತುಕೊಂಡು ಬರುವುದು ನನ್ನ ಕೆಲಸ. ಅತ್ತರೂ ಬಿಟ್ಟವನಲ್ಲ, ಕಾಲು ಹಿಡಿದರೂ ಬಿಟ್ಟವನಲ್ಲ. ಹಿಂದಿನಿಂದ ಜನ ನನ್ನನ್ನು ‘ಮುದ್ರೆ’ ಎನ್ನುತ್ತಿದ್ದರು. ಎದುರಿಗೇ ಹಾಗೆ ಕರೆಯುವ ಧೈರ್ಯ ಇದ್ದದ್ದು ಒಬ್ಬರಿಗೆ, ಅಕ್ಕನ ಗಂಡನಿಗೆ. ನಾನು ಅವರ ಮನೆ ಹೊಸ್ತಿಲು ದಾಟಿದರೆ ಸಾಕು, "ಮುದ್ರೆ ಸಾಹೇಬ್ರು ಬಂದ್ರು, ಸಕ್ಕರೆ ಡಬ್ಬ ಬಚ್ಚಿಡೇ" ಎಂದು ಅಡುಗೆಮನೆಗೆ ಕೇಳುವಂತೆ ಕೂಗುತ್ತಿದ್ದರು.

ಭಾವ ಬಸ್ ಡ್ರೈವರ್. ಮೂವತ್ತು ವರ್ಷ ಕೂತೇ ಕೆಲಸ ಮಾಡಿದವರು, ಐವತ್ತು ದಾಟಿದ ಮೇಲೆ ಎದ್ದು ಓಡತೊಡಗಿದರು. ಕಾಲುವೆ ದಂಡೆಯ ಮೇಲೆ ಬೆಳಿಗ್ಗೆ ಓಡುವವರದೊಂದು ಬಳಗವಿತ್ತು, ಅಲ್ಲಿಗೆ ನನ್ನನ್ನೂ ಎಳೆದುಕೊಂಡು ಹೋದರು. ನನ್ನ ಓಟ ನೋಡಿದರೆ ಆಮೆಗೂ ಧೈರ್ಯ ಬಂದೀತು. ಹಾಗಾಗಿ ಬಳಗದವರು ನನ್ನ ಕೈಗೆ ಸ್ಟಾಪ್‌ವಾಚು, ಒಂದು ಪುಸ್ತಕ ಕೊಟ್ಟು ಪಕ್ಕಕ್ಕೆ ನಿಲ್ಲಿಸಿದರು. ಅದು ನನಗೆ ಹೇಳಿ ಮಾಡಿಸಿದ ಕೆಲಸವಾಗಿತ್ತು.

ಮೂರು ತಿಂಗಳಿಗೊಮ್ಮೆ ಪಂಪ್‌ಹೌಸಿನಿಂದ ಸೇತುವೆಗೆ ಹೋಗಿ ವಾಪಸ್, ಐದು ಕಿಲೋಮೀಟರು. ಇಪ್ಪತ್ತರ ಹುಡುಗರೂ ಎಪ್ಪತ್ತರ ಮುದುಕರೂ ಒಟ್ಟಿಗೆ ಓಡುವಾಗ ಬರೀ ಸಮಯ ನೋಡಿ ಯಾರು ಮೇಲು ಎನ್ನುವುದು ಹೇಗೆ? ಅದಕ್ಕೇ ಒಂದು ಕೋಷ್ಟಕವಿದೆ. ಗಂಡಸರಿಗೊಂದು, ಹೆಂಗಸರಿಗೊಂದು. ಒಂದೊಂದು ವಯಸ್ಸಿಗೂ ಒಂದೊಂದು ಸಾಲು. ಆ ವಯಸ್ಸಿನಲ್ಲಿ ಜಗತ್ತಿನಲ್ಲೇ ಚೆನ್ನಾಗಿ ಓಡುವವನು ಆ ದೂರವನ್ನು ಎಷ್ಟು ಸೆಕೆಂಡಿನಲ್ಲಿ ಮುಗಿಸಿಯಾನು ಎಂಬ ಅಂದಾಜು ಆ ಸಾಲಿನಲ್ಲಿರುತ್ತದೆ. ಅದನ್ನು ನಮ್ಮವನ ಸಮಯದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಅವನ ಪರ್ಸೆಂಟು ಸಿಕ್ಕಿತು. ಓಟದ ದಿನ ಎಷ್ಟು ವಯಸ್ಸೋ ಆ ಸಾಲನ್ನೇ ನೋಡಬೇಕು.

ಬಳಗದಲ್ಲಿ ಇಪ್ಪತ್ನಾಲ್ಕು ವರ್ಷದ ಒಬ್ಬ ಎಲೆಕ್ಟ್ರಿಷಿಯನ್ ಇದ್ದ. ಹದಿನೇಳೂವರೆ ನಿಮಿಷಕ್ಕೆ ಓಡಿ ಮುಗಿಸಿ ಎದೆಯುಬ್ಬಿಸಿಕೊಂಡು ನಿಂತಿದ್ದ. ಭಾವ ಬಂದದ್ದು ಇಪ್ಪತ್ತೆರಡು ನಿಮಿಷ ಇಪ್ಪತ್ತು ಸೆಕೆಂಡಿಗೆ. ನಾನು ಲೆಕ್ಕ ಮಾಡಿ ಅವನಿಗೆ ಎಪ್ಪತ್ಮೂರು ಚಿಲ್ಲರೆ, ಭಾವನಿಗೆ ಎಪ್ಪತ್ನಾಲ್ಕೂವರೆ ಎಂದು ಓದಿದೆ.

"ಅಯ್ಯೋ, ಐದು ನಿಮಿಷ ಹಿಂದೆ ಬಂದವ್ರು ನನಗಿಂತ ಮುಂದೆ ಹೇಗೆ ಸಾರ್?" ಎಂದ ಅವನು.

"ಅರವತ್ತಾರಕ್ಕೆ ಬಾ ಮಗ, ಆಗ ಗೊತ್ತಾಗತ್ತೆ," ಎಂದರು ಭಾವ. ಆ ದಿನವಿಡೀ ಅವರ ಹಲ್ಲು ಒಳಗೆ ಹೋಗಲಿಲ್ಲ.

ಪಂಪ್‌ಹೌಸಿನ ಗೋಡೆಗೆ ಒಂದು ಕಪ್ಪು ಹಲಗೆ ಹಾಕಿದ್ದೆವು. ಎಪ್ಪತ್ತು ಪರ್ಸೆಂಟಿಗಿಂತ ಮೇಲಿದ್ದವರ ಹೆಸರು ಮಾತ್ರ ಅದರಲ್ಲಿ. ಹನ್ನೊಂದು ವರ್ಷ ಭಾವನ ಹೆಸರು ಅಲ್ಲಿಂದ ಅಳಿಸಿರಲಿಲ್ಲ. ಐವತ್ತಾರರಲ್ಲಿ ಅವರ ಸಮಯ ಇಪ್ಪತ್ತು ನಿಮಿಷ ಹದಿಮೂರು ಸೆಕೆಂಡು, ಅರವತ್ತಾರರಲ್ಲಿ ಇಪ್ಪತ್ತೆರಡು ಇಪ್ಪತ್ತು. ಎರಡು ನಿಮಿಷ ಹೋಯಿತು, ಆದರೆ ಪರ್ಸೆಂಟು ಎಪ್ಪತ್ತೈದರ ಆಸುಪಾಸಿನಲ್ಲೇ ನಿಂತಿತ್ತು. "ನೋಡಿದ್ಯಾ, ವಯಸ್ಸು ನನ್ನ ಗಡಿಯಾರಕ್ಕೆ ಮಾತ್ರ ಆಗಿದೆ, ನನಗಲ್ಲ," ಎನ್ನುತ್ತಿದ್ದರು.

ಅರವತ್ತೇಳು ತುಂಬಿದ ವರ್ಷ ಮಾರ್ಚಿನಲ್ಲಿ ಎಪ್ಪತ್ತೆರಡೂವರೆಗೆ ಇಳಿದರು. ಸೆಕೆ ಅಂದುಕೊಂಡೆ. ಜೂನಿನಲ್ಲಿ ಎಪ್ಪತ್ತೂವರೆ. ಹೊಸ ಬೂಟು ಕಚ್ಚುತ್ತಿದೆ ಎಂದರು, ಒಪ್ಪಿಕೊಂಡೆ. ಸೆಪ್ಟೆಂಬರಿನಲ್ಲಿ ಓಟ ಮುಗಿಸಿದವರು ಮಂಡಿಯ ಮೇಲೆ ಕೈಯೂರಿ ಬಹಳ ಹೊತ್ತು ಬಗ್ಗಿಯೇ ನಿಂತರು. ಮುಖ ಬಿಳಿಚಿಕೊಂಡಿತ್ತು.

"ಎಷ್ಟೋ?"

"ಇಪ್ಪತ್ನಾಲ್ಕು ಮೂವತ್ತು, ಭಾವ."

"ವಯಸ್ಸಾಯ್ತು ಬಿಡು. ಅದಿರಲಿ, ಪರ್ಸೆಂಟು ಹೇಳು."

ನಾನು ಅರವತ್ತೇಳರ ಸಾಲು ನೋಡಿದೆ. ಸಾವಿರದ ಒಂಬತ್ತು ಸೆಕೆಂಡು. ಭಾವನದು ಸಾವಿರದ ನಾನೂರ ಎಪ್ಪತ್ತು. ಕ್ಯಾಲ್ಕುಲೇಟರ್ ಅರವತ್ತೆಂಟು ಪಾಯಿಂಟ್ ಆರು ತೋರಿಸಿತು. ತಲೆಯೆತ್ತಿದರೆ ಅವರು ನನ್ನನ್ನು ನೋಡುತ್ತಿರಲಿಲ್ಲ, ಹಲಗೆಯನ್ನು ನೋಡುತ್ತಿದ್ದರು. ಶಾಲೆಯ ಮಗು ರಿಸಲ್ಟಿನ ದಿನ ನಿಲ್ಲುವ ಹಾಗೆ ನಿಂತಿದ್ದರು. ನನ್ನ ಬೆರಳು ಎರಡು ಸಾಲು ಕೆಳಗೆ ಜಾರಿತು. ಅರವತ್ತೊಂಬತ್ತರ ಸಾಲಿನಲ್ಲಿ ಸಾವಿರದ ಮೂವತ್ತೊಂದು.

"ಎಪ್ಪತ್ತು ಪಾಯಿಂಟ್ ಒಂದು," ಎಂದೆ.

"ಹಾ! ಕೂದಲೆಳೆಯಲ್ಲಿ ಉಳಿದೆ," ಎಂದು ನನ್ನ ಬೆನ್ನಿಗೊಂದು ಗುದ್ದಿದರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಕಳ್ಳತೂಕ ಮಾಡಿದ ನನಗೆ ಆ ಗುದ್ದು ಹಿತವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ.

ನಾನು ದಡ್ಡನೇನಲ್ಲ. ಕೋಷ್ಟಕದ ಮರ್ಮ ಗೊತ್ತಿದ್ದವನು ಆ ದಂಡೆಯ ಮೇಲೆ ನಾನೊಬ್ಬನೇ. ವಯಸ್ಸಿನ ಪಾಲನ್ನು ಅದು ಮೊದಲೇ ಕಳೆದಿರುತ್ತದೆ. ಅರವತ್ತಾರರಿಂದ ಅರವತ್ತೇಳಕ್ಕೆ ಭಾವನ ಓಟಕ್ಕೆ ಅದು ಕೊಡುವ ರಿಯಾಯಿತಿ ಹದಿಮೂರು ಸೆಕೆಂಡು. ಅವರು ಕಳೆದುಕೊಂಡದ್ದು ಎರಡು ನಿಮಿಷ ಹತ್ತು ಸೆಕೆಂಡು. ಮಿಕ್ಕದ್ದು ವಯಸ್ಸಲ್ಲ, ಬೇರೇನೋ. ಅಂಗಡಿಯವನ ತಕ್ಕಡಿ ಇಷ್ಟು ತಪ್ಪಿದ್ದರೆ ಅಡಿಮೇಲು ಮಾಡಿ ಹುಡುಕುತ್ತಿದ್ದೆ. ಭಾವನ ವಿಷಯದಲ್ಲಿ ಹುಡುಕಲಿಲ್ಲ.

ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಆಸರೆ ಅನ್ನುತ್ತಾರೆ. ಡಿಸೆಂಬರಿನಲ್ಲಿ ಇಪ್ಪತ್ತೈದು ಇಪ್ಪತ್ತು. ನಿಜವಾದ ಲೆಕ್ಕ ಅರವತ್ತಾರು ಪಾಯಿಂಟ್ ನಾಲ್ಕು. ಹಲಗೆಯ ಮೇಲೆ ಉಳಿಸಬೇಕಾದರೆ ಎಪ್ಪತ್ತೆರಡರ ಸಾಲಿನವರೆಗೆ ಇಳಿಯಬೇಕಾಯಿತು. ಇಳಿದೆ. ಎಪ್ಪತ್ತು ಪಾಯಿಂಟ್ ಎರಡು ಎಂದು ಬರೆದೆ.

ಅಷ್ಟರಲ್ಲಿ ಅಕ್ಕ ಗಂಡನ ಬೆನ್ನು ಬಿದ್ದಿದ್ದಳು. ಊಟ ಸೇರುತ್ತಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು, ಪ್ಯಾಂಟು ಸಡಿಲವಾಗಿದೆ, ಡಾಕ್ಟರ ಹತ್ತಿರ ಹೋಗೋಣ ನಡೀರಿ ಎಂದು ಒಂದೇ ಸಮ. ಒಂದು ಭಾನುವಾರ ನನ್ನೆದುರೇ ಜಗಳವಾಯಿತು.

"ನಿಂಗೆ ಓಟದ ಗಂಧ ಗಾಳಿ ಗೊತ್ತಿಲ್ಲ," ಎಂದರು ಭಾವ. "ನಿಧಾನ ಆಗಿದ್ದೀನಿ, ನಿಜ. ಆದ್ರೆ ಪರ್ಸೆಂಟು ಎಪ್ಪತ್ತರಲ್ಲೇ ಗಟ್ಟಿಯಾಗಿ ನಿಂತಿದೆ. ಅಂದ್ರೆ ಇದು ಬರೀ ವಯಸ್ಸು. ಕಾಯಿಲೆ ಇದ್ದಿದ್ರೆ ಪುಸ್ತಕದಲ್ಲಿ ಕಾಣ್ತಿರ್ಲಿಲ್ವಾ? ಕೇಳು ನಿನ್ನ ತಮ್ಮನ್ನ."

ಅಕ್ಕ ನನ್ನ ಕಡೆ ತಿರುಗಿದಳು. "ಹೌದೇನೋ?"

ಟೀ ಲೋಟ ನನ್ನ ಕೈಯಲ್ಲಿತ್ತು. ಬಾಯಿ ತೆರೆದಿದ್ದರೆ ಆಗ ತೆರೆಯಬೇಕಿತ್ತು. "ಹೂಂ," ಎಂದೆ. ಅಕ್ಕ ಸುಮ್ಮನಾದಳು. ನನ್ನ ಮಾತಿನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಕಾಲುವೆ ದಂಡೆಯ ದುರಸ್ತಿ ನಡೆದು ಮಾರ್ಚಿನ ಓಟ ತಪ್ಪಿತು. ಏಪ್ರಿಲಿನಲ್ಲಿ ಭಾವ ಬಚ್ಚಲುಮನೆಯ ಬಾಗಿಲಲ್ಲೇ ಕುಸಿದರು. ಕರುಳಿನಲ್ಲಿ ಗಡ್ಡೆ. ಕಣ್ಣಿಗೆ ಕಾಣದ ಹಾಗೆ ದಿನಾ ಸ್ವಲ್ಪ ಸ್ವಲ್ಪ ರಕ್ತ ಸೋರಿ ಮೈಯಲ್ಲಿ ಇರಬೇಕಾದದ್ದರ ಅರ್ಧ ಉಳಿದಿತ್ತು. ಗಡ್ಡೆ ಲಿವರಿಗೂ ಹಬ್ಬಿತ್ತು. ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡದೆ, ಗುಣ ಮಾಡುವ ಹಂತ ದಾಟಿದೆ, ನೋವಿಲ್ಲದ ಹಾಗೆ ನೋಡಿಕೊಳ್ಳಬಹುದು ಎಂದರು. ಸುಸ್ತು ಯಾವಾಗಿನಿಂದ ಎಂದು ಕೇಳಿದ್ದಕ್ಕೆ ಭಾವ, "ನಾನು ಹೇಳೋದ್ಯಾಕೆ, ನನ್ನ ಮೈದುನ ಹನ್ನೊಂದು ವರ್ಷದ ಲೆಕ್ಕ ಇಟ್ಟಿದ್ದಾನೆ, ತರ್ತಾನೆ," ಎಂದರಂತೆ.

ಅಕ್ಕ ನನ್ನ ಮನೆಗೆ ಬಂದಳು. ಕುರ್ಚಿಯ ಅಂಚಿನಲ್ಲಿ ಕೂತು ಸೆರಗನ್ನು ಸುರುಳಿ ಸುತ್ತುತ್ತಾ ಹೇಳಿದಳು: "ಪುಸ್ತಕ ಕೊಡು. ಡಾಕ್ಟರಿಗೆ ತೋರಿಸಬೇಕಂತೆ. ಏ ತಮ್ಮ, ಅದರಲ್ಲಿ ಏನೂ ಕಾಣ್ತಿರ್ಲಿಲ್ಲ ಅಲ್ವಾ? ಆಗ್ಲೇ ಕರ್ಕೊಂಡು ಹೋಗಿದ್ರೂ ಏನೂ ಸಿಕ್ತಿರ್ಲಿಲ್ಲ ಅಲ್ವಾ? ಇನ್ನೊಂದು ಸ್ವಲ್ಪ ಹಟ ಮಾಡಿದ್ರೆ ಅಂತ ಮನಸ್ಸು ಕೊರೀತಿದೆ ಕಣೋ. ಒಂದು ಮಾತು ಹೇಳ್ಬಿಡು, ನಿದ್ದೆಯಾದ್ರೂ ಬರಲಿ."

ಇನ್ನೊಂದು ಸಲ "ಹೂಂ" ಅಂದರೆ ಸಾಕಿತ್ತು. ಅಕ್ಕನಿಗೆ ನಿದ್ದೆ ಬರುತ್ತಿತ್ತು, ಭಾವನ ಹೆಸರು ಹಲಗೆಯ ಮೇಲಿರುತ್ತಿತ್ತು, ನಾನು ಮುದ್ರೆ ಸಾಹೇಬನಾಗಿಯೇ ಉಳಿಯುತ್ತಿದ್ದೆ. ಆದರೆ ಅವಳು ತಪ್ಪು ತನ್ನದೆಂದುಕೊಂಡು ಕೂತಿದ್ದಳು. ಎದ್ದು ಕಪಾಟಿನಿಂದ ಪುಸ್ತಕ ತೆಗೆದೆ.

"ನಾನೇ ತರ್ತೀನಿ ನಡಿ," ಎಂದೆ.

ಆಸ್ಪತ್ರೆಯ ವಾರ್ಡಿನಲ್ಲಿ ಭಾವ ಕಿಟಕಿ ಪಕ್ಕದ ಮಂಚದಲ್ಲಿದ್ದರು. ಅಕ್ಕ ಸ್ಟೂಲಿನ ಮೇಲೆ ಕೂತು ಕಿತ್ತಳೆ ಸುಲಿಯತೊಡಗಿದಳು. ನಾನು ಪುಸ್ತಕವನ್ನೂ ಕೋಷ್ಟಕದ ಹಾಳೆಯನ್ನೂ ಭಾವನ ತೊಡೆಯ ಮೇಲಿಟ್ಟು, ನಿಂತುಕೊಂಡೇ, ಎಲ್ಲವನ್ನೂ ಹೇಳಿದೆ. ಸೆಪ್ಟೆಂಬರಿನ ಎರಡು ಸಾಲು, ಡಿಸೆಂಬರಿನ ಐದು ಸಾಲು. ಅಕ್ಕನ ಕೈಯಲ್ಲಿ ಕಿತ್ತಳೆ ಹಾಗೇ ನಿಂತಿತು.

ಭಾವ ಕನ್ನಡಕ ಹಾಕಿಕೊಂಡು, ಫೋನಿನಲ್ಲಿ ಒಂದೊಂದೇ ಅಂಕಿ ಒತ್ತಿ, ಲೆಕ್ಕ ತಾವೇ ಮಾಡಿದರು.

"ಅರವತ್ತಾರು ಪಾಯಿಂಟ್ ನಾಲ್ಕು," ಎಂದರು. ಆಮೇಲೆ ಹಾಳೆಯ ಮೇಲೆ ಬೆರಳಿಟ್ಟು ಅರವತ್ತೇಳರಿಂದ ಕೆಳಗೆ ಇಳಿಯುತ್ತಾ ಹೋದರು. ಎಪ್ಪತ್ತೆರಡರ ಸಾಲಿನಲ್ಲಿ ಬೆರಳು ನಿಂತಿತು. ಸಣ್ಣಗೆ ನಕ್ಕರು.

"ಇಲ್ಲೀವರೆಗೆ ಕರ್ಕೊಂಡು ಬಂದ್ಯಾ ನನ್ನ? ಒಳ್ಳೇದಾಯ್ತು ಬಿಡೋ. ನಾನಾಗಿ ಇಲ್ಲಿಗೆ ಬರೋದಂತೂ ಇಲ್ಲ ಇನ್ನು."

ನಾನು ಅತ್ತೆ. ಅರವತ್ತೊಂದರ ಗಂಡಸು, ಪಕ್ಕದ ಮಂಚದವರು ತಿರುಗಿ ನೋಡುವಂತೆ ಅತ್ತೆ.

"ಅಳಬೇಡ. ಹಲಗೆ ನೋಡ್ಕೊಂಡು ನಿಂತಿದ್ದೋನು ನಾನೂ ಹೌದಲ್ಲ," ಎಂದರು ಭಾವ. "ಕೆಂಪು ಪೆನ್ನು ತಂದಿದ್ದೀಯಾ? ಎರಡೂ ತಿದ್ದು, ನನ್ನ ಕಣ್ಣೆದುರೇ. ಹಲಗೆ ಮೇಲೂ ಅಳಿಸು. ಆ ಕರೆಂಟಿನ ಹುಡುಗನ ಮುಂದೆ ಕಳ್ಳ ಪರ್ಸೆಂಟು ಬೇಡ."

ತಿದ್ದಿದೆ. ಭಾವ ಪಕ್ಕದಲ್ಲಿ ಸಹಿ ಹಾಕಿದರು. ಆಗ ಅಕ್ಕ ಮಾತಾಡಿದಳು, ನನ್ನ ಮುಖ ನೋಡದೆ.

"ನಿಂಗೆ ಗೊತ್ತಾಗಿದ್ದು ಯಾವ ತಿಂಗಳು ಅಂದೆ?"

"ಸೆಪ್ಟೆಂಬರ್, ಅಕ್ಕ."

ಅವಳು ಕಿತ್ತಳೆಯನ್ನು ಮಡಿಲಲ್ಲಿಟ್ಟು ಬೆರಳು ಮಡಿಸುತ್ತಾ ಎಣಿಸಿದಳು. ಒಂದು ಕೈ ಮುಗಿದು ಇನ್ನೊಂದು ಕೈಯಲ್ಲಿ ಎರಡು ಬೆರಳು.

"ಏಳು ತಿಂಗಳು," ಎಂದಳು.

ಆ ಏಳು ತಿಂಗಳು ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಡಾಕ್ಟರಮ್ಮನನ್ನು ಕೇಳಿದೆ. ಹೇಳಕ್ಕಾಗಲ್ಲ ಎಂದರು. ಯಾವ ಕೋಷ್ಟಕದಲ್ಲೂ ಅದಕ್ಕೆ ಸಾಲಿಲ್ಲ.

ಭಾವ ಜುಲೈನಲ್ಲಿ ಹೋದರು, ಅರವತ್ತೆಂಟಕ್ಕೆ. ಪುಸ್ತಕ ಈಗಲೂ ನನ್ನ ಹತ್ತಿರವೇ ಇದೆ. ಬಿಡುತ್ತೇನೆ ಎಂದರೂ ಬಳಗದವರು ಕೇಳಲಿಲ್ಲ, ಭಾವ ಹೋಗುವ ಮುಂಚೆ ಅವರಿಂದ ಮಾತು ತೆಗೆದುಕೊಂಡಿದ್ದರಂತೆ. ಯಾರ ಪರ್ಸೆಂಟಾದರೂ ಒಮ್ಮೆಲೇ ಎರಡು ಇಳಿದರೆ ಅವರನ್ನು ಪಕ್ಕಕ್ಕೆ ಕರೆದು, ಡಾಕ್ಟರ ಹತ್ತಿರ ಹೋಗಿ ಬನ್ನಿ ಎನ್ನುತ್ತೇನೆ. ಕೆಲವರು ಬೈಯುತ್ತಾರೆ, ಬೈಸಿಕೊಳ್ಳುತ್ತೇನೆ.

ಅಕ್ಕನ ಮನೆಗೆ ಪ್ರತಿ ಭಾನುವಾರ ಹೋಗುತ್ತೇನೆ. ಬಾಗಿಲು ತೆಗೆಯುತ್ತಾಳೆ, ಟೀ ಕೊಡುತ್ತಾಳೆ, ಎದುರಿಗೆ ಕೂರುತ್ತಾಳೆ. ಸಕ್ಕರೆ ಡಬ್ಬ ಮೇಜಿನ ಮೇಲೇ ಇರುತ್ತದೆ. ಅದನ್ನು ಬಚ್ಚಿಡು ಎಂದು ಕೂಗುವವರು ಈಗ ಆ ಮನೆಯಲ್ಲಿಲ್ಲ.